ಪ್ಲೇ ಮಾಡಿದಾಗ ನಡುಗುವ ಗೆರೆ

ಅನಿಮೇಷನ್ ಕಲಿಯಲು ಬರುವ ಹುಡುಗಿಯೊಬ್ಬಳು ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ತಲೆಯಾಡಿಸುವ ಹಸು ಬರೆದಿದ್ದಳು. ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲುತ್ತದೆ, ಒಟ್ಟು 12 ಚಿತ್ರ. "ಸರ್, ಬಿಡಿಬಿಡಿಯಾಗಿ ನೋಡಿದ್ರೆ ಎಲ್ಲ ಚೆನ್ನಾಗಿದೆ. ಪ್ಲೇ ಮಾಡಿದ್ರೆ ಕೊಂಬು ನಡುಗುತ್ತೆ" ಅಂದಳು.

ನಾನು ಮೊದಲು ನೋಡಿದ್ದು ಅವಳು ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್. ಅದರ ಮೇಲೆ ಒಂದು ಬಳೆ ಇಟ್ಟು ಸುತ್ತ ಪೆನ್ ಓಡಿಸಿ ಅಂದೆ. ಪರದೆಯಲ್ಲಿ ಮೊಟ್ಟೆಯಾಕಾರ ಬಂತು. ಟ್ಯಾಬ್ಲೆಟ್ಟಿನ ಉದ್ದಗಲದ ಅನುಪಾತ ಪರದೆಯ ಅನುಪಾತಕ್ಕೆ ಹೊಂದಿಲ್ಲ ಅಂತ ಅರ್ಥ. ಇದನ್ನು ಕ್ರಿಟಾದಲ್ಲಿ ಅಲ್ಲ, ಟ್ಯಾಬ್ಲೆಟ್ಟಿನ ಡ್ರೈವರ್‌ನಲ್ಲೇ ಸರಿಮಾಡಬೇಕು. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡವೇ ಕೆಲಸ ಮಾಡದಿದ್ದರೆ Configure Krita ಒಳಗಿನ Tablet Settings ತೆರೆದು, ಅಲ್ಲಿ WinTab ಆಯ್ಕೆಯಾಗಿದ್ದರೆ ಇನ್ನೊಂದು ಆಯ್ಕೆಯಾದ Windows Ink ಗೆ ಬದಲಿಸಿ ಕ್ರಿಟಾವನ್ನು ಮುಚ್ಚಿ ತೆರೆಯಿರಿ.

ಆಮೇಲೆ ಬ್ರಷ್. ಅವಳದು 6 ಪಿಕ್ಸೆಲ್ ಬ್ರಷ್, ಆದರೆ ಒತ್ತಡ ಕಡಿಮೆಯಾದ ಕಡೆ ಗೆರೆ ಕೂದಲಿನಷ್ಟು ಸಣ್ಣ. ಒಂದೇ ಚಿತ್ರದಲ್ಲಿ ಅದು ಚೆಂದ. ಹನ್ನೆರಡರಲ್ಲೂ ಒಂದೇ ಜಾಗದಲ್ಲಿ ಸಣ್ಣಗಾಗುವುದಿಲ್ಲ ಅಲ್ವಾ, ಅದಕ್ಕೇ ಗೆರೆ ಮಿನುಗುತ್ತದೆ. F5 ಒತ್ತಿ ಬ್ರಷ್ ಸೆಟ್ಟಿಂಗ್ ತೆರೆದು Size ಒಳಗೆ ಹೋಗಿ, ಒತ್ತಡದ ಕರ್ವ್‌ನ ಎಡತುದಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಎಳೆದೆವು. ಈಗ ಗೆರೆ ಮೂರೂವರೆ ಪಿಕ್ಸೆಲ್‌ಗಿಂತ ಕೆಳಗೆ ಇಳಿಯುವುದಿಲ್ಲ.

ಆದರೂ ಕೊಂಬಿನ ತುದಿ ಜಿಗಿಯುತ್ತಲೇ ಇತ್ತು. ಅದಕ್ಕೆ ಕಾರಣ Tool Options ಒಳಗಿನ Stabilizer. ಅದು ಪೆನ್ನು ಹಾದುಬಂದ ಬಿಂದುಗಳ ಸರಾಸರಿ ತೆಗೆದು, ಸ್ವಲ್ಪ ಹಿಂದೆಯೇ ಗೆರೆ ಎಳೆಯುತ್ತದೆ. ಬೆನ್ನಿನಂಥ ಉದ್ದ ಬಾಗಿಗೆ ಇದು ಬಹಳ ಒಳ್ಳೆಯದು. ಆದರೆ ಚೂಪಾದ ತಿರುವಿನಲ್ಲಿ ಸರಾಸರಿ ಎಂದರೆ ತುದಿ ಸವೆದಂತೆ. ಎಷ್ಟು ಸವೆಯುತ್ತದೆ ಅನ್ನುವುದು ಕೈಯ ವೇಗದ ಮೇಲೆ ನಿಂತಿದೆ. ನಾಲ್ಕನೇ ಚಿತ್ರದಲ್ಲಿ ಬೇಗ ತಿರುಗಿಸಿದ್ದಳು, ಕೊಂಬು ಮೊಂಡು. ಐದರಲ್ಲಿ ನಿಧಾನ, ಕೊಂಬು ಚೂಪು. ಹಾಗಾಗಿ ಕೊಂಬನ್ನು ಒಂದೇ ಎಳೆತದಲ್ಲಿ ಬರೆಯಬೇಡಿ. ತುದಿಯವರೆಗೆ ಒಂದು ಗೆರೆ, ಪೆನ್ ಎತ್ತಿ, ತುದಿಯಿಂದ ಕೆಳಕ್ಕೆ ಇನ್ನೊಂದು. Finish Line ಆನ್ ಇರಲಿ, ಇಲ್ಲದಿದ್ದರೆ ಪೆನ್ ಎತ್ತಿದ ಜಾಗಕ್ಕೆ ಮುಟ್ಟುವ ಮೊದಲೇ ಗೆರೆ ನಿಂತುಬಿಡುತ್ತದೆ. ಕಣ್ಣು, ಮೂಗಿನ ಹೊಳ್ಳೆಗೆ Stabilizer ಬದಲು ಅದೇ ಪಟ್ಟಿಯ Basic ಸಾಕು. ಎಲ್ಲ ಚಿತ್ರಗಳಲ್ಲೂ ಆಯಾ ಭಾಗಕ್ಕೆ ಅದೇ ಆಯ್ಕೆ, ಅದೇ ಜೂಮ್ ಇಟ್ಟುಕೊಳ್ಳಿ. ಜೂಮ್ ಬದಲಾದರೆ ಅದೇ ಗೆರೆಗೆ ಕೈ ಓಡುವ ದೂರವೂ ಬದಲಾಗುತ್ತದೆ.

ಕ್ಯಾನ್ವಾಸ್ 1920×1080, 8-ಬಿಟ್ ಸಾಕು. ಪ್ಲೇ ಮಾಡುವಾಗ ಒಂದು ಚಿತ್ರಕ್ಕೆ ಸುಮಾರು 8 ಎಂಬಿ ಮೆಮೊರಿ ಬೇಕು, ಈ ಹಸುವಿಗೆ 100 ಎಂಬಿ ಹತ್ತಿರ. ಉದ್ದಗಲ ಎರಡೂ ದುಪ್ಪಟ್ಟು ಮಾಡಿದರೆ ಇದರ ನಾಲ್ಕು ಪಟ್ಟು ಬೇಕು. ಮೆಮೊರಿ ಸಾಲದಾಗ ಚಲನೆಯೇ ಎಡವುತ್ತದೆ, ಅದನ್ನು ಗೆರೆಯ ನಡುಕ ಅಂದುಕೊಳ್ಳಬೇಡಿ. ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡಿ. ಆಗಲೂ ಕೊಂಬಿನ ತುದಿ ಕಾರಣವಿಲ್ಲದೆ ಉದ್ದ ಗಿಡ್ಡ ಆಗುತ್ತಿದ್ದರೆ ಮಾತ್ರ ತಪ್ಪು ಗೆರೆಯದು.