ವಾಟ್ಸಾಪ್ ಬರುತ್ತದೆ, ಕರೆ ಬರುವುದಿಲ್ಲ: ವೋಲ್ಟಿ ಆಫ್ ಆದಾಗ ಆಗುವುದೇನು?

ಮೊಬೈಲ್ ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವ ನನಗೆ ಕೊಡಗಿನ ತೋಟದ ಮನೆಗಳಿಂದ ಪದೇ ಪದೇ ಬರುವ ದೂರು ಒಂದಿದೆ. ವಾಟ್ಸಾಪ್ ಸಂದೇಶಗಳು ಸರಿಯಾಗಿ ಬರುತ್ತವೆ, ವಿಡಿಯೋ ಕೂಡ ಓಡುತ್ತದೆ, ಆದರೆ ಕರೆ ಮಾತ್ರ ಹೋಗುವುದಿಲ್ಲ, ಹೋದರೂ ನಡುವೆ ಕಡಿದುಹೋಗುತ್ತದೆ. ಇಂತಹ ಮನೆಗೆ ಹೋದಾಗ ಟವರ್‌ನತ್ತ ನೋಡುವ ಮೊದಲು ನಾನು ಫೋನಿನ ಸೆಟ್ಟಿಂಗ್ಸ್‌ನಲ್ಲಿ VoLTE ಎಂಬ ಸ್ವಿಚ್ ಆನ್ ಇದೆಯೇ ಎಂದು ನೋಡುತ್ತೇನೆ.

2ಜಿ ಮತ್ತು 3ಜಿ ಜಾಲಗಳಲ್ಲಿ ಪ್ರತಿ ಕರೆಗೂ ಪ್ರತ್ಯೇಕ ಮಾರ್ಗವೊಂದನ್ನು ಕಾದಿರಿಸುವ ವ್ಯವಸ್ಥೆಯಿತ್ತು. 4ಜಿ ಜಾಲ, ಅಂದರೆ ಎಲ್‌ಟಿಇ, ಅಂತಹ ಮಾರ್ಗವನ್ನೇ ಇಟ್ಟುಕೊಂಡಿಲ್ಲ. ಅದು ಡೇಟಾ ಪ್ಯಾಕೆಟ್‌ಗಳನ್ನು ಮಾತ್ರ ಸಾಗಿಸುತ್ತದೆ. ಮಾತನ್ನೂ ಪ್ಯಾಕೆಟ್‌ಗಳನ್ನಾಗಿ ಮಾಡಿ, ಉಳಿದ ಡೇಟಾಕ್ಕಿಂತ ಹೆಚ್ಚಿನ ಆದ್ಯತೆ ಕೊಟ್ಟು 4ಜಿಯ ಮೇಲೆಯೇ ಕಳುಹಿಸುವ ವಿಧಾನವೇ ವೋಲ್ಟಿ. ಇದಕ್ಕಾಗಿ ಫೋನು ಕಂಪನಿಯ ಐಎಂಎಸ್ ಎಂಬ ಕರೆ ವ್ಯವಸ್ಥೆಯಲ್ಲಿ ಮೊದಲೇ ನೋಂದಣಿ ಮಾಡಿಕೊಂಡಿರುತ್ತದೆ. ಸ್ವಿಚ್ ಆಫ್ ಮಾಡಿದರೆ ಈ ನೋಂದಣಿ ಆಗುವುದಿಲ್ಲ. ಆಗ ಪ್ರತಿ ಕರೆಗೂ ಫೋನು 4ಜಿಯನ್ನು ಬಿಟ್ಟು 2ಜಿ ಅಥವಾ 3ಜಿಗೆ ಇಳಿಯಬೇಕಾಗುತ್ತದೆ. ಕರೆ ಬರುವಾಗಲೂ ಇದೇ ಕಥೆ: ಜಾಲವು 4ಜಿಯ ಮೂಲಕ ಫೋನಿಗೆ ಸೂಚನೆ ಕೊಡುತ್ತದೆ, ಫೋನು ಕೆಳಗಿಳಿದು ಹಳೆಯ ಜಾಲದ ಸಿಗ್ನಲ್ ಹುಡುಕಿ ಉತ್ತರಿಸಬೇಕು. ಎಲ್ಲವೂ ಸರಿಯಿದ್ದರೂ ಇದಕ್ಕೆ ಕೆಲವು ಸೆಕೆಂಡು ಬೇಕು. ಸಕಾಲಕ್ಕೆ ಉತ್ತರ ಬರದಿದ್ದರೆ ಕರೆ ಮಾಡಿದವರಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ಧ್ವನಿ ಕೇಳಿಸುತ್ತದೆ.

ಇಳಿಯುವುದಕ್ಕೆ ಜಾಗವೇ ಇಲ್ಲದಿದ್ದರೆ? 2016ರಲ್ಲಿ ಸೇವೆ ಆರಂಭಿಸಿದ ಜಿಯೋಗೆ 2ಜಿ, 3ಜಿ ಜಾಲಗಳೇ ಇಲ್ಲ. ಆ ಸಿಮ್‌ನಲ್ಲಿ ವೋಲ್ಟಿ ಆಫ್ ಆದರೆ ಸಾಮಾನ್ಯ ಕರೆ ಸಾಧ್ಯವೇ ಇಲ್ಲ. 2ಜಿ ಇರುವ ಕಂಪನಿಗಳ ಸಿಮ್‌ನಲ್ಲಿ ತೊಂದರೆ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಏಕೆಂದರೆ ಪೇಟೆಯಲ್ಲಿ ಕರೆ ಸರಿಯಾಗಿ ಹೋಗುತ್ತದೆ, ತೋಟಕ್ಕೆ ಬಂದಾಗ ಮಾತ್ರ ಕೈಕೊಡುತ್ತದೆ.

ನಾಪೋಕ್ಲು ಕಡೆಯ ತೋಟದ ಮನೆಯೊಂದರಲ್ಲಿ ಇದೇ ಆಗಿತ್ತು. “ಮಡಿಕೇರಿಯಲ್ಲಿ ಸರಿ ಇರ್ತದೆ, ಮನೆಗೆ ಬಂದ್ರೆ ಹಾಳಾಗ್ತದೆ, ನಿಮ್ಮ ಟವರ್ ನೋಡಿ” ಎಂದು ಯಜಮಾನರು ಖಾರವಾಗಿಯೇ ಹೇಳಿದರು. ನಾನು ಅವರ ಫೋನಿನಿಂದ ಒಂದು ಕರೆ ಮಾಡಿ ಪರದೆಯ ಮೇಲ್ಭಾಗವನ್ನು ಗಮನಿಸಿದೆ. ನಂಬರ್ ಒತ್ತಿದ ಕೂಡಲೇ 4G ಎಂಬ ಗುರುತು ಮಾಯವಾಗಿ 2ಜಿಯ ಗುರುತಾದ E ಕಾಣಿಸಿತು, ಹಲವು ಸೆಕೆಂಡು ಮೌನ, ನಂತರ ಕರೆ ತಾನಾಗಿಯೇ ಕಟ್ಟಾಯಿತು. ವೋಲ್ಟಿ ಕೆಲಸ ಮಾಡುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಡ. ಬಳಿಕ ನೆಟ್‌ವರ್ಕ್ ಆಯ್ಕೆಯನ್ನು 2G only ಎಂದು ಬದಲಿಸಿ SIM status ಪುಟದಲ್ಲಿ ಸಿಗ್ನಲ್ ನೋಡಿದೆ. ಅದು -105 dBm ಆಸುಪಾಸಿನಲ್ಲಿ ಬಂದು ಹೋಗುತ್ತಿತ್ತು. 4ಜಿಯ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಆದರೆ ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. 4ಜಿಯಲ್ಲಿ ಅಳೆಯುವ ವಿಧಾನವೇ ಬೇರೆಯಾದ್ದರಿಂದ ಅಲ್ಲಿ -105 ಎಂದರೆ ಬಳಸಬಹುದಾದ ಸಿಗ್ನಲ್, 2ಜಿಯಲ್ಲಿ ಅದು ಕರೆ ಕಡಿದುಹೋಗುವ ಅಂಚು. ಮನೆಗೆ ಹತ್ತಿರದ ಟವರ್‌ನಲ್ಲಿ 4ಜಿ ಉಪಕರಣ ಮಾತ್ರ ಇತ್ತು, 2ಜಿ ಸಿಗ್ನಲ್ ಬೆಟ್ಟದ ಆಚೆಯಿಂದ ಬರಬೇಕಿತ್ತು.

ಕರೆಗೆ ಡೇಟಾ ಖರ್ಚಾಗುತ್ತದೆಂದು ಯಾರೋ ಹೇಳಿದ್ದರಿಂದ ಅವರ ಮಗ ಆ ಸ್ವಿಚ್ ಆಫ್ ಮಾಡಿದ್ದನಂತೆ. ವೋಲ್ಟಿ ಕರೆ ನಿಮ್ಮ ಡೇಟಾ ಪ್ಯಾಕ್‌ನಿಂದ ಕಡಿತವಾಗುವುದಿಲ್ಲ; ಮೊಬೈಲ್ ಡೇಟಾ ಆಫ್ ಇದ್ದರೂ ಕರೆ ಹೋಗುತ್ತದೆ, ಏಕೆಂದರೆ ಅದು ಸಾಗುವ ದಾರಿ ಪ್ರತ್ಯೇಕ. ಸ್ವಿಚ್ ಆನ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದ ಮೇಲೆ ಮಾಡಿದ ಕರೆಯಲ್ಲಿ 4G ಗುರುತು ಕದಲಲಿಲ್ಲ. ಎರಡು ಸಿಮ್ ಇರುವವರು ಪ್ರತಿ ಸಿಮ್‌ಗೂ ಈ ಸ್ವಿಚ್ ಬೇರೆಯಾಗಿರುತ್ತದೆ ಎಂಬುದನ್ನು ನೆನಪಿಡಬೇಕು. ಆನ್ ಮಾಡಿದರೂ ಕರೆಯ ವೇಳೆ 4G ಗುರುತು ಉಳಿಯದಿದ್ದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲ್ ಪ್ಯಾಡ್‌ನಲ್ಲಿ ಹೀಗೆ ಒತ್ತಿ, IMS ಸ್ಥಿತಿಯ ಪುಟದಲ್ಲಿ Registered ಎಂದಿದೆಯೇ ಎಂದು ನೋಡಬಹುದು:

```
*#*#4636#*#*
```

ವೋಲ್ಟಿ ಆನ್ ಇದ್ದರೂ ಕರೆ ಕಡಿಯುವ ಸಂದರ್ಭವಿದೆ. ಭಾಗಮಂಡಲದ ದಾರಿಯ ತಿರುವುಗಳಂತಹ ಕಡೆ 4ಜಿ ಮುಗಿದುಹೋದಾಗ, ನಡೆಯುತ್ತಿರುವ ಕರೆಯನ್ನು 2ಜಿಗೆ ದಾಟಿಸುವ ಏರ್ಪಾಡು ಕಂಪನಿಯಲ್ಲೂ ಫೋನಿನಲ್ಲೂ ಇರಬೇಕು; ಇಲ್ಲದಿದ್ದರೆ ಕರೆ ಅಲ್ಲಿಗೇ ನಿಲ್ಲುತ್ತದೆ. ಮನೆಯೊಳಗೆ 4ಜಿಯೇ ಬಾರದಿದ್ದರೂ ಈ ಸ್ವಿಚ್‌ನಿಂದ ಉಪಯೋಗವಿಲ್ಲ. ಅಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಅದೇ ಸೆಟ್ಟಿಂಗ್ಸ್‌ನಲ್ಲಿರುವ Wi-Fi calling ಆಯ್ಕೆಯನ್ನು ಆನ್ ಮಾಡಿಕೊಳ್ಳುವುದು ಸರಿ, ಆದರೆ ಕರೆಂಟ್ ಹೋದಾಗ ರೌಟರ್‌ಗೆ ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ಆ ದಾರಿಯೂ ಮುಚ್ಚುತ್ತದೆ.