ಮಾಲು ಅದೇ, ಬಿಲ್ಲುಗಳೂ ಅವೇ, ಅಸಲು ಮಾತ್ರ ಎರಡು ಬಂತು, ಯಾಕೆ?

ಓದುಗರೊಬ್ಬರ ಪ್ರಶ್ನೆ: "ನಮ್ಮದು ಪಾತ್ರೆ ಅಂಗಡಿ. ಇಷ್ಟು ವರ್ಷ ಮಾರ್ಚ್ 31ಕ್ಕೆ ಮಾಲು ಎಣಿಸಿ ಲೆಕ್ಕದವರಿಗೆ ಒಂದು ಅಂಕಿ ಕೊಡುತ್ತಿದ್ದೆವು, ಅವರು ಲಾಭ ತೆಗೆಯುತ್ತಿದ್ದರು. ಈಗ ಮಗ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ್ದಾನೆ. ಮಾರಿದ ಮಾಲಿನ ಅಸಲು ಅಂತ ಅದು ತೋರಿಸುವ ಅಂಕಿಗೂ ನಾವು ಎಣಿಸಿ ತೆಗೆದ ಅಂಕಿಗೂ ತಾಳೆ ಆಗುತ್ತಿಲ್ಲ. ಯಾವುದು ಸುಳ್ಳು?"

ಎರಡೂ ಸುಳ್ಳಲ್ಲ. ನೀವು ಮಾಡುತ್ತಿದ್ದದ್ದು ಪೀರಿಯಾಡಿಕ್ ಪದ್ಧತಿ, ಮಗ ತಂದಿರುವುದು ಪರ್ಪೆಚುಯಲ್. ಮೊದಲನೆಯದು ಉಳಿದಿದ್ದನ್ನು ಎಣಿಸಿ, ಹೋಗಿದ್ದು ಎಷ್ಟು ಅಂತ ಊಹಿಸುತ್ತದೆ. ಎರಡನೆಯದು ಹೋಗಿದ್ದನ್ನು ಆಗಾಗಲೇ ಬರೆದುಕೊಂಡು, ಉಳಿದಿರಬೇಕಾದದ್ದು ಎಷ್ಟು ಅಂತ ಹೇಳುತ್ತದೆ. ಇದೇನು ಮಾತಿನ ಆಟ ಅನ್ನಬೇಡಿ, ನಿಮ್ಮ ವ್ಯತ್ಯಾಸ ಪೂರ್ತಿ ಇರುವುದು ಇಲ್ಲೇ.

ಅಂಗಡಿಯ ಎಲ್ಲ ಪಾತ್ರೆ ಬೇಡ. 5 ಲೀಟರ್ ಕುಕ್ಕರ್ ಒಂದನ್ನೇ ತಗೊಳ್ಳೋಣ, ಅದೂ ಮಾರ್ಚ್ ಒಂದೇ ತಿಂಗಳು. ಬೆಲೆಗಳನ್ನು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟಿದ್ದೇನೆ. ಜಿಎಸ್‌ಟಿ ಸೇರಿಸಿಲ್ಲ, ಯಾಕೆಂದರೆ ಇನ್‌ಪುಟ್ ಕ್ರೆಡಿಟ್ ತಗೊಳ್ಳುವವರಿಗೆ ಆ ತೆರಿಗೆ ಅಸಲಿನ ಭಾಗ ಅಲ್ಲ.

ತಿಂಗಳ ಶುರುವಿನಲ್ಲಿ ಅಂಗಡಿಯಲ್ಲಿ 20 ಕುಕ್ಕರ್ ಇವೆ, ಒಂದಕ್ಕೆ 1,000 ರೂಪಾಯಿ. 8ನೇ ತಾರೀಕು 10 ಮಾರಿದಿರಿ. 15ಕ್ಕೆ 1,100ರಂತೆ 30 ಬಂದವು. 22ಕ್ಕೆ 20 ಹೋದವು. 28ಕ್ಕೆ ಮತ್ತೆ 10 ತರಿಸಿದಿರಿ, ಅಷ್ಟರಲ್ಲಿ ರೇಟು 1,240 ಆಗಿತ್ತು. ಅಲ್ಲಿಗೆ ಒಟ್ಟು ಕೈಗೆ ಬಂದದ್ದು 60 ಕುಕ್ಕರ್, 65,400 ರೂಪಾಯಿಯದು. ಬಿಲ್ಲು ಹಾಕಿ ಮಾರಿದ್ದು 30. ಹಾಗಿದ್ದರೆ 31ರ ರಾತ್ರಿ ಶಟರ್ ಎಳೆದು ಎಣಿಸಿದಾಗ 30 ಇರಬೇಕು. ಸಿಕ್ಕಿದ್ದು 28.

ಈ ಎರಡು ಕುಕ್ಕರ್ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತವೆ.

ಮೊದಲು ನಿಮ್ಮ ಹಳೆಯ ದಾರಿ. ಇಲ್ಲಿ ಖರೀದಿಯೆಲ್ಲ ಸೀದಾ ಖರೀದಿ ಖಾತೆಗೆ ಹೋಗುತ್ತದೆ. ಮಾರಿದಾಗ ಮಾರಾಟದ ಹಣ ಮಾತ್ರ ಬರೆಯುತ್ತೀರಿ, ಆ ಕುಕ್ಕರ್ ನಿಮಗೆ ಎಷ್ಟಕ್ಕೆ ಬಿದ್ದಿತ್ತು ಅಂತ ಆವತ್ತು ಯಾರೂ ಕೇಳುವುದಿಲ್ಲ. ಕೊನೆಗೆ ಒಂದೇ ಒಂದು ಲೆಕ್ಕ:

```
ಆರಂಭದ ಸ್ಟಾಕ್ + ಖರೀದಿ - ಕೊನೆಯ ಸ್ಟಾಕ್ = ಮಾರಿದ ಮಾಲಿನ ಅಸಲು
20,000 + 45,400 - 30,520 = 34,880
```

30,520 ಎಲ್ಲಿಂದ ಬಂತು? ಸರಾಸರಿ ಬೆಲೆಯಿಂದ. 65,400ನ್ನು 60ರಿಂದ ಭಾಗಿಸಿದರೆ ಒಂದಕ್ಕೆ 1,090. ಎಣಿಸಿದಾಗ ಸಿಕ್ಕ 28ಕ್ಕೆ ಅದೇ ಬೆಲೆ ಹಾಕಿದ್ದು.

ಈಗ ಮಗನ ದಾರಿ. ಇದರಲ್ಲಿ ಖರೀದಿ ಖಾತೆ ಅನ್ನುವುದೇ ಇಲ್ಲ, ಬಂದ ಮಾಲು ನೇರವಾಗಿ ಸ್ಟಾಕ್ ಖಾತೆಗೆ ಹೋಗುತ್ತದೆ. ಮಾರಿದಾಗ ಎರಡು ನಮೂದು ಆಗುತ್ತವೆ. ಒಂದು ಎಂದಿನ ಮಾರಾಟದ್ದು. ಇನ್ನೊಂದರಲ್ಲಿ ಆ ಮಾಲಿನ ಅಸಲು ಸ್ಟಾಕ್‌ನಿಂದ ಕಳೆದು ಅಸಲಿನ ಖಾತೆಗೆ ಏರುತ್ತದೆ. 8ನೇ ತಾರೀಕು ಅಂಗಡಿಯಲ್ಲಿ ಇದ್ದದ್ದೇ 1,000ದ ಕುಕ್ಕರ್, ಹಾಗಾಗಿ 10ಕ್ಕೆ ಅಸಲು 10,000. 15ಕ್ಕೆ ಹೊಸ ಮಾಲು ಬಂದಾಗ ಉಳಿದಿದ್ದ 10 ಮತ್ತು ಬಂದ 30 ಸೇರಿ 40 ಕುಕ್ಕರ್, 43,000 ರೂಪಾಯಿ, ಸರಾಸರಿ 1,075. 22ಕ್ಕೆ ಹೋದ 20ರ ಅಸಲು ಅದೇ ದರದಲ್ಲಿ 21,500. ಎರಡೂ ಸೇರಿ 31,500. 28ರ ಮಾಲು ಬಂದ ಮೇಲೆ ಸರಾಸರಿ 1,130ಕ್ಕೆ ಏರಿತು, ಆದರೆ ಆಮೇಲೆ ಮಾರಾಟವೇ ಆಗಲಿಲ್ಲ.

ನಿಮ್ಮದು 34,880, ಮಗನದು 31,500. ನಡುವೆ 3,380 ರೂಪಾಯಿ. ಒಂದು ಐಟಂಗೆ, ಒಂದು ತಿಂಗಳಿಗೆ ಇಷ್ಟು. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಕೊಂಡಿವೆ, ಬಿಡಿಸಿ ನೋಡಬೇಕು.

ಒಂದು, ಆ ಕಾಣೆಯಾದ ಎರಡು ಕುಕ್ಕರ್. ನಿಮ್ಮ ಸೂತ್ರದ ಪ್ರಕಾರ ಅಂಗಡಿಯಲ್ಲಿ ಇಲ್ಲದ್ದೆಲ್ಲ ಮಾರಾಟವಾದದ್ದೇ. ಕಳ್ಳರು ಒಯ್ದಿರಲಿ, ಮಾಲು ಬಂದಾಗಲೇ ಕಡಿಮೆ ಇದ್ದಿರಲಿ, ಮನೆಯವರು ತಗೊಂಡಿರಲಿ, ಎಲ್ಲ ಸದ್ದಿಲ್ಲದೆ ಅಸಲಿನೊಳಗೆ ಸೇರಿಹೋಗುತ್ತದೆ. ಆ 34,880 ಅನ್ನುವುದು 30 ಕುಕ್ಕರ್‌ಗಳದ್ದಲ್ಲ, 32ರದ್ದು. ಮಗನ ಲೆಕ್ಕದಲ್ಲಿ ಹಾಗಾಗುವುದಿಲ್ಲ. ಸ್ಕ್ರೀನ್ 30 ಅನ್ನುತ್ತದೆ, ಕೈ 28 ಅನ್ನುತ್ತದೆ, ಹಾಗಾಗಿ 2 ಕುಕ್ಕರ್‌ನ 2,260 ರೂಪಾಯಿಯನ್ನು ಸ್ಟಾಕ್ ಕೊರತೆ ಅಂತ ಬೇರೆಯಾಗಿಯೇ ಬರೆಯಬೇಕಾಗುತ್ತದೆ. ಎಣಿಸದೇ ಇದ್ದರೆ ಮಾತ್ರ ಇಲ್ಲದ ಎರಡು ಕುಕ್ಕರ್ ವರ್ಷಗಟ್ಟಲೆ ಸ್ಕ್ರೀನ್ ಮೇಲೆ ಕೂತಿರುತ್ತವೆ. ಸಾಫ್ಟ್‌ವೇರ್ ಇದೆ, ಇನ್ನು ಎಣಿಸುವ ಕೆಲಸ ಇಲ್ಲ ಅಂದುಕೊಂಡವರು ಬಹಳ ಜನ ಇದ್ದಾರೆ, ಸುಮ್ನೆ ಹೇಳಿದೆ.

ಎರಡು, ಸರಾಸರಿ ಹಾಕಿದ ಸಮಯ. ಕೊರತೆಯ 2,260 ಸೇರಿಸಿದರೂ ಮಗನದು 33,760, ನಿಮಗಿಂತ 1,120 ಕಡಿಮೆಯೇ. ಯಾಕೆ ಅಂದರೆ ನೀವು ತಿಂಗಳಿಗೆಲ್ಲ ಒಂದೇ ಸರಾಸರಿ ಹಾಕಿದಿರಿ. 28ಕ್ಕೆ ಬಂದ ದುಬಾರಿ ಕುಕ್ಕರ್‌ನ ಬೆಲೆ 8ನೇ ತಾರೀಕು ಮಾರಿದ ಕುಕ್ಕರ್‌ಗೂ ಸ್ವಲ್ಪ ಅಂಟಿಕೊಂಡಿತು, ಆವತ್ತು ಆ ಮಾಲು ಇನ್ನೂ ಅಂಗಡಿಗೇ ಬಂದಿರಲಿಲ್ಲ ಅಲ್ವಾ! ಮಗನ ಸರಾಸರಿ ಪ್ರತಿ ಖರೀದಿಗೂ ಬದಲಾಗುತ್ತದೆ, ಹಿಂದೆ ಹೋಗಿ ಹಳೆಯ ಮಾರಾಟವನ್ನು ಮುಟ್ಟುವುದಿಲ್ಲ. ರೇಟು ಏರುತ್ತಿರುವಾಗ ನಿಮ್ಮ ಅಸಲು ಜಾಸ್ತಿ ಕಾಣುತ್ತದೆ, ಇಳಿಯುತ್ತಿದ್ದರೆ ಉಲ್ಟಾ. ಈ 1,120 ಎಲ್ಲೂ ಕಳೆದುಹೋಗಿಲ್ಲ. ಮಗನ ಕೊನೆಯ ಸ್ಟಾಕ್ 31,640, ನಿಮ್ಮದು 30,520. ಆ ಮಾಲು ಮಾರಾಟವಾದಾಗ ಈ ವ್ಯತ್ಯಾಸ ತಾನೇ ಸರಿಹೋಗುತ್ತದೆ.

ಸರಾಸರಿ ಬಿಟ್ಟು ಫಿಫೊ ಹಿಡಿದರೆ, ಅಂದರೆ ಮೊದಲು ಬಂದದ್ದು ಮೊದಲು ಹೋಯಿತು ಅಂತ ಇಟ್ಟುಕೊಂಡರೆ, ಈ ಎರಡನೇ ಜಗಳವೇ ಇರುವುದಿಲ್ಲ. ನಿಮ್ಮ ದಾರಿಯಲ್ಲಿ ಉಳಿದ 28ರಲ್ಲಿ 10 ಕುಕ್ಕರ್ 1,240ರವು, 18 ಕುಕ್ಕರ್ 1,100ರವು, ಒಟ್ಟು 32,200. ಅಸಲು 33,200. ಮಗನ ದಾರಿಯಲ್ಲಿ 30ರ ಅಸಲು 31,000, ಕಾಣೆಯಾದ ಎರಡಕ್ಕೆ 2,200, ಸೇರಿದರೆ ಅದೇ 33,200. ಹಳೆಯ ಮಾಲು ಯಾವಾಗಲೂ ಮುಂದೆ ಇರುವುದರಿಂದ ದಿನಾ ಲೆಕ್ಕ ಹಾಕಿದರೂ ಒಂದೇ, ಕೊನೆಗೆ ಹಾಕಿದರೂ ಒಂದೇ. ಹಾಗಾಗಿ ಯಾವ ಪದ್ಧತಿ ಸರಿ ಅಂತ ತಲೆಕೆಡಿಸಿಕೊಳ್ಳುವ ಮೊದಲು ಸಾಫ್ಟ್‌ವೇರ್ ಯಾವ ಬೆಲೆ ವಿಧಾನದಲ್ಲಿದೆ ನೋಡಿ. ನಮ್ಮ ಲೆಕ್ಕಪತ್ರದ ಮಾನದಂಡ ಎಎಸ್ 2ರಲ್ಲಿ ಫಿಫೊಗೂ ಸರಾಸರಿಗೂ ಒಪ್ಪಿಗೆ ಇದೆ, ಕೊನೆಗೆ ಬಂದದ್ದು ಮೊದಲು ಹೋಯಿತು ಅನ್ನುವ ಲಿಫೊಗೆ ಇಲ್ಲ. ಒಂದನ್ನು ಹಿಡಿದ ಮೇಲೆ ವರ್ಷಕ್ಕೊಂದು ಬದಲಿಸುವ ಹಾಗೂ ಇಲ್ಲ.

ಟ್ಯಾಲಿ ಬಳಸುವವರಿಗೆ ಒಂದು ಮಾತು. F11ರಲ್ಲಿ `Integrate Accounts with Inventory` ಅನ್ನುವುದು `No` ಇದ್ದರೆ, ಐಟಂವಾರು ಸ್ಟಾಕ್ ಎಷ್ಟೇ ಚೆನ್ನಾಗಿ ಬರೆದಿದ್ದರೂ ಲಾಭ ನಷ್ಟ ಖಾತೆಯಲ್ಲಿ ಬರುವುದು ನೀವು ಕೈಯಿಂದ ತುಂಬಿದ ಕೊನೆಯ ಸ್ಟಾಕ್ ಅಂಕಿ. ಅಂದರೆ ಕಂಪ್ಯೂಟರ್ ಒಳಗೂ ನಿಮ್ಮದು ಹಳೆಯ ಪದ್ಧತಿಯೇ.

ಎಲ್ಲಿ ಎಡವುತ್ತಾರೆ? ಎಣಿಕೆಯ ಪದ್ಧತಿಯಲ್ಲಿ ದೊಡ್ಡ ಗುಂಡಿ ಅಂದರೆ ಮಾರ್ಚ್ ಕೊನೆಯ ಬಿಲ್ಲು. 28ರ ಬಿಲ್ಲು ಪುಸ್ತಕಕ್ಕೆ ಹತ್ತಿದೆ, ಆದರೆ ಮಾಲು ಇನ್ನೂ ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿದೆ, ಎಣಿಕೆಗೆ ಸಿಗಲಿಲ್ಲ ಅಂದುಕೊಳ್ಳಿ. ಕುಕ್ಕರ್ ನಿಮ್ಮದೇ, ಆದರೂ 1,090ರ ಸರಾಸರಿಯಲ್ಲಿ ಅಸಲು 10,900 ಜಾಸ್ತಿ ಬಂದುಬಿಡುತ್ತದೆ, ಲಾಭ ಅಷ್ಟೇ ಬೀಳುತ್ತದೆ. ಬೆಲೆ ಬದಲಾಗದೆ ಶೇಕಡಾವಾರು ಲಾಭ ಒಮ್ಮೆಲೇ ಕುಸಿದರೆ ನಾನು ಮೊದಲು ನೋಡುವುದು ಕೊನೆಯ ವಾರದ ಖರೀದಿ ಬಿಲ್ಲುಗಳನ್ನೇ.

ಸಾಫ್ಟ್‌ವೇರ್ ಪದ್ಧತಿಯ ತಪ್ಪು ಬೇರೆ ಥರ. ಗಿರಾಕಿ 5 ಲೀಟರ್ ಕುಕ್ಕರ್ ಎರಡು ಒಯ್ದರು, ಗಲ್ಲಾದಲ್ಲಿದ್ದ ಹುಡುಗ ಆತುರದಲ್ಲಿ 3 ಲೀಟರ್ ಒತ್ತಿದ. ಎಣಿಸಿದಾಗ 5 ಲೀಟರ್ ಎರಡು ಕಡಿಮೆ, 3 ಲೀಟರ್ ಎರಡು ಜಾಸ್ತಿ. ಒಂದೇ ಸಂಖ್ಯೆ ಅಕ್ಕಪಕ್ಕದ ಸೈಜಿನಲ್ಲಿ ಹೀಗೆ ಕಂಡರೆ ಅದು ಕಳ್ಳತನ ಅಲ್ಲ, ಗುಂಡಿ ತಪ್ಪಿ ಒತ್ತಿದ್ದು. ಸ್ಟಾಕ್ ಮೈನಸ್ ತೋರಿಸಿದರೆ ಬಹಳಷ್ಟು ಸಲ ಮಾಲು ಮಾರಿ ಆಗಿರುತ್ತದೆ, ಖರೀದಿ ಬಿಲ್ಲು ಇನ್ನೂ ಏರಿಸಿರುವುದಿಲ್ಲ. ಅಂಥ ಮಾರಾಟಕ್ಕೆ ಬಿದ್ದ ಅಸಲನ್ನು ನಂಬಬೇಡಿ.

ನಾನು ಹಿಂದೆ ಲೆಕ್ಕ ನೋಡುತ್ತಿದ್ದ ಒಂದು ಅಂಗಡಿಯಲ್ಲೂ ಹೀಗೆ ಎರಡು ಕುಕ್ಕರ್ ಕಡಿಮೆ ಬಂದಿದ್ದವು. ಮೂರು ಸಲ ಎಣಿಸಿದೆವು, ಖಾಲಿ ಡಬ್ಬಗಳನ್ನೂ ಅಲ್ಲಾಡಿಸಿ ನೋಡಿದೆವು. ಕೊನೆಗೆ ಯಜಮಾನರು ನಕ್ಕು, "ಒಂದು ನಾದಿನಿ ಮನೆ ಗೃಹಪ್ರವೇಶಕ್ಕೆ ಕೊಟ್ಟೆ ಮಾರಾಯ್ರೆ" ಅಂದರು. ಇನ್ನೊಂದು ಸಿಗಲೇ ಇಲ್ಲ. ಹಳೆಯ ಪದ್ಧತಿಯಾಗಿದ್ದರೆ ಎರಡೂ ಮಾರಿದ ಮಾಲಿನ ಲೆಕ್ಕಕ್ಕೆ ಹೋಗುತ್ತಿದ್ದವು. ಸರಿಯಾಗಿ ಬರೆದರೆ ಮೊದಲನೆಯದು ಯಜಮಾನರ ಡ್ರಾಯಿಂಗ್ಸ್, ಎರಡನೆಯದು ಕೊರತೆ. ಜಿಎಸ್‌ಟಿಯಲ್ಲಿ ಎರಡರದ್ದೂ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕು, ಕಳೆದುಹೋದ ಮಾಲಿಗೂ ಉಡುಗೊರೆ ಕೊಟ್ಟ ಮಾಲಿಗೂ 17(5) ಸೆಕ್ಷನ್ ಪ್ರಕಾರ ಕ್ರೆಡಿಟ್ ಇಲ್ಲ.

ಹಾಗಾದರೆ ನೀವೇನು ಮಾಡಬೇಕು? ಕಾಂಪೋಸಿಷನ್‌ನಲ್ಲಿ ಇಲ್ಲದಿದ್ದರೆ ಮಾಲು ಬಂದದ್ದು, ಹೋದದ್ದು, ಕಳೆದದ್ದು, ಉಳಿದದ್ದು ಎಲ್ಲವನ್ನೂ ಬರೆದಿಡಬೇಕು ಅಂತ ಜಿಎಸ್‌ಟಿ ನಿಯಮ 56 ಹೇಳುತ್ತದೆ. ಹಾಗಾಗಿ ಮಗನ ವ್ಯವಸ್ಥೆ ತೆಗೆಯಬೇಡಿ. ಕುಕ್ಕರ್, ಮಿಕ್ಸಿ, ಸ್ಟೌ, ಇವನ್ನು ಒಂದೊಂದಾಗಿ ನಡೆಸಿ. ತೂಕದ ಮೇಲೆ ಮಾರುವ ಸ್ಟೀಲ್ ಲೋಟ, ತಟ್ಟೆಗೆ ಒಂದೊಂದರ ಲೆಕ್ಕ ಇಡಲು ಹೋದರೆ ಹುಚ್ಚು ಹಿಡಿಯುತ್ತದೆ. ಅವು ಕಿಲೋ ಲೆಕ್ಕದಲ್ಲೇ ಬಂದು ಹೋಗಲಿ, ವರ್ಷಕ್ಕೊಮ್ಮೆ ತೂಗಿ ಅಸಲು ತೆಗೆಯಿರಿ. ಕುಕ್ಕರ್‌ಗಳನ್ನು ಮಾತ್ರ ತಿಂಗಳಿಗೊಮ್ಮೆ ಬೆಳಿಗ್ಗೆ ಗಿರಾಕಿ ಬರುವ ಮೊದಲು ಎಣಿಸಿ. ಎಣಿಸುವವರಿಗೆ ಸ್ಕ್ರೀನಿನ ಸಂಖ್ಯೆ ಮೊದಲೇ ಹೇಳಬೇಡಿ. ಹೇಳಿದರೆ 28 ಇದ್ದರೂ ಚೀಟಿಯಲ್ಲಿ 30 ಅಂತಲೇ ಬರುತ್ತದೆ.