ಸಾಲ ತೀರುತ್ತಿರುವ ಕಂಪನಿಯ ಷೇರಿಗೆ ಬೆಲೆ ಕಟ್ಟುವ ಬಗೆ

ದಾವಣಗೆರೆಯಲ್ಲಿ ಅಣ್ಣತಮ್ಮಂದಿರು ಸೇರಿ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಒಬ್ಬರು ಹೊರಬರುವಾಗ, ಅವರ ಷೇರಿನ ಬೆಲೆಯನ್ನು ಷೇರುದಾರರಿಗೆ ಉಳಿಯುವ ಮುಕ್ತ ನಗದಿನ ಆಧಾರದ ಮೇಲೆ ನಿರ್ಧರಿಸುವುದುಂಟು. ನಿವ್ವಳ ಲಾಭಕ್ಕೆ ಸವಕಳಿಯನ್ನು ಕೂಡಿಸಿ, ಹೊಸ ಯಂತ್ರ ಹಾಗೂ ಕಟ್ಟಡದ ವೆಚ್ಚವನ್ನೂ ದುಡಿಯುವ ಬಂಡವಾಳದ ಹೆಚ್ಚಳವನ್ನೂ ಕಳೆದು, ಕೊನೆಗೆ ನಿವ್ವಳ ಸಾಲವನ್ನು, ಅಂದರೆ ಆ ವರ್ಷ ತಂದ ಸಾಲದಲ್ಲಿ ತೀರಿಸಿದ ಅಸಲನ್ನು ಕಳೆದ ಮೊತ್ತವನ್ನು, ಸೇರಿಸಿದರೆ ಈ ನಗದು ಸಿಗುತ್ತದೆ. ಸಾಲದ ಪಾಲು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದರೆ ಲೆಕ್ಕ ಎಡವುವುದು ಈ ಕೊನೆಯ ಅಂಶದಲ್ಲಿಯೇ.

ಮೆಕ್ಕೆಜೋಳದಿಂದ ಪಶು ಆಹಾರ ತಯಾರಿಸುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಕಲ್ಪಿಸಿಕೊಂಡಿದ್ದೇನೆ. ಶೇ 10 ಬಡ್ಡಿಯ 12 ಕೋಟಿ ರೂಪಾಯಿ ಸಾಲವಿದ್ದು, ಮೂರು ವರ್ಷ ತಲಾ 2 ಕೋಟಿ ತೀರಿಸಿ 6 ಕೋಟಿಗೆ ಇಳಿಸಬೇಕಾಗಿದೆ. ಅಲ್ಲಿಂದ ಮುಂದೆ ವ್ಯವಹಾರವೂ ಸಾಲವೂ ವರ್ಷಕ್ಕೆ ಶೇ 5ರಂತೆ ಬೆಳೆಯುತ್ತವೆ. ತೆರಿಗೆ ಶೇ 25. ಮೊದಲ ವರ್ಷದ ನಿವ್ವಳ ಲಾಭ 3.6 ಕೋಟಿ, ಸವಕಳಿಯನ್ನು ಕಳೆದ ಮೇಲೆ ಯಂತ್ರ ಮತ್ತು ದಾಸ್ತಾನಿಗೆ ಬೇಕಾದ ಹಣ 1.5 ಕೋಟಿ, ಮರುಪಾವತಿ 2 ಕೋಟಿ. ಷೇರುದಾರರಿಗೆ ಉಳಿಯುವುದು ಕೇವಲ 0.1 ಕೋಟಿ.

ಹೊಸ ಹೂಡಿಕೆಯಲ್ಲಿ ಸಾಲದ ಪಾಲು ಸದಾ ಒಂದೇ ಎಂದು ಭಾವಿಸುವ ಸುಲಭ ಸೂತ್ರವನ್ನು ಇಲ್ಲಿ ಬಳಸಿದರೆ, ಮೂರನೇ ಒಂದು ಪಾಲು ಸಾಲವೆಂದು ಹಿಡಿದು 1.5 ಕೋಟಿಯಲ್ಲಿ 0.5 ಕೋಟಿಯನ್ನು ಬ್ಯಾಂಕೇ ಕೊಡುತ್ತದೆ ಎಂದಾಗುತ್ತದೆ. ಆಗ ಷೇರುದಾರರ ನಗದು 2.6 ಕೋಟಿಯಂತೆ ಕಾಣುತ್ತದೆ, ಆದರೆ ಆ ಹಣ ಕಂಪನಿಯಲ್ಲಿ ಇರುವುದಿಲ್ಲ. ಆದ್ದರಿಂದ ನಿವ್ವಳ ಸಾಲವನ್ನು ಅನುಪಾತದಿಂದ ಊಹಿಸದೆ, ಬ್ಯಾಂಕಿನ ಮರುಪಾವತಿ ಪಟ್ಟಿಯಿಂದಲೇ ವರ್ಷವಾರು ತೆಗೆದುಕೊಳ್ಳಬೇಕು. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕ್ ಕೊಡುವ ಸಿಸಿ, ಅಂದರೆ ಕ್ಯಾಶ್ ಕ್ರೆಡಿಟ್ ಖಾತೆಯ ಬಾಕಿಯೂ ಸಾಲವೇ. ಅದನ್ನು ದುಡಿಯುವ ಬಂಡವಾಳದಲ್ಲಿ ಚಾಲ್ತಿ ಹೊಣೆಯಾಗಿ ಕಳೆದು, ಮತ್ತೆ ಇಲ್ಲಿಯೂ ಸೇರಿಸಿದರೆ ಎರಡು ಬಾರಿ ಎಣಿಸಿದಂತಾಗುತ್ತದೆ. ಮಾರ್ಚ್ 31ರಂದು ಗೋದಾಮಿನಲ್ಲಿ ಜೋಳ ಎಷ್ಟಿತ್ತು ಎಂಬುದರ ಮೇಲೆ ಈ ಬಾಕಿ ಏರಿಳಿಯುವುದರಿಂದ, ಒಂದೇ ವರ್ಷದ ವ್ಯತ್ಯಾಸವನ್ನು ನಾನು ನಂಬುವುದಿಲ್ಲ.

ಎರಡು ಮತ್ತು ಮೂರನೇ ವರ್ಷದ ನಗದು 0.45 ಕೋಟಿ ಮತ್ತು 0.8 ಕೋಟಿ ಎಂದು ಇಟ್ಟುಕೊಳ್ಳೋಣ. ನಾಲ್ಕನೇ ವರ್ಷ ಮರುಪಾವತಿ ನಿಂತು, 6 ಕೋಟಿಯ ಶೇ 5ರಷ್ಟು, ಅಂದರೆ 0.3 ಕೋಟಿ ಹೊಸ ಸಾಲ ಬಂದು, ಬಡ್ಡಿಯ ಹೊರೆಯೂ ಇಳಿದು, ವ್ಯವಹಾರವೂ ಬೆಳೆಯುವುದರಿಂದ ನಗದು ಒಮ್ಮೆಲೇ 3.42 ಕೋಟಿಗೆ ಜಿಗಿಯುತ್ತದೆ. ಮೂರನೇ ವರ್ಷದ ನಂತರ ಬರುವ ಎಲ್ಲ ನಗದಿನ ಮೊತ್ತವಾದ ಅಂತಿಮ ಮೌಲ್ಯವನ್ನು ಈ ನಾಲ್ಕನೇ ವರ್ಷದ ಮೇಲೆಯೇ ಕಟ್ಟಬೇಕು. ಮೂರನೇ ವರ್ಷದ 0.8 ಕೋಟಿಗೆ ಶೇ 5 ಸೇರಿಸಿ ಶಾಶ್ವತವಾಗಿ ಮುಂದುವರಿಸಿದರೆ, ಮುಂದಿನ ನಗದನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಶೇ 16ರ ರಿಯಾಯಿತಿ ದರದಲ್ಲಿ ಇಡೀ ಕಂಪನಿಯ ಷೇರುಗಳಿಗೆ ಸುಮಾರು 5.8 ಕೋಟಿ ಮಾತ್ರ ಬರುತ್ತದೆ, ಏಕೆಂದರೆ ಆ ಲೆಕ್ಕದಲ್ಲಿ ಸಾಲವನ್ನು ಕೊನೆಯೇ ಇಲ್ಲದೆ ತೀರಿಸುತ್ತಲೇ ಇರುತ್ತೇವೆ. ದೊಡ್ಡ ಸಾಲ ತಂದ ವರ್ಷವನ್ನು ಆಧಾರವಾಗಿ ಹಿಡಿದರೆ ತಪ್ಪು ಇದಕ್ಕೆ ತಿರುಗಾಮುರುಗಾ ಆಗುತ್ತದೆ.

ಇನ್ನು ರಿಯಾಯಿತಿ ದರ. ಸಾಲ ಇಳಿದಂತೆ ಷೇರುದಾರರ ಅಪಾಯವೂ ಇಳಿಯುವುದರಿಂದ ಒಂದೇ ದರ ಸಲ್ಲದು. ಸಾಲವೇ ಇಲ್ಲದಿದ್ದರೆ ಈ ವ್ಯವಹಾರಕ್ಕೆ ಶೇ 14 ಪ್ರತಿಫಲ ಸಾಕು ಎಂದುಕೊಳ್ಳೋಣ. ಅದಕ್ಕೂ ಬಡ್ಡಿ ದರಕ್ಕೂ ಇರುವ ಶೇ 4ರ ಅಂತರವನ್ನು ಸಾಲ ಮತ್ತು ಷೇರು ಮೌಲ್ಯದ ಅನುಪಾತದಿಂದ ಗುಣಿಸಿ 14ಕ್ಕೆ ಕೂಡಿಸಬೇಕು. ಈ ಅನುಪಾತ ಮಾರುಕಟ್ಟೆ ಮೌಲ್ಯದ್ದಾಗಿರಬೇಕೇ ಹೊರತು, ಬ್ಯಾಂಕಿನವರು ನೋಡುವ ಪುಸ್ತಕ ಮೌಲ್ಯದ್ದಲ್ಲ. ಆದರೆ ಷೇರು ಮೌಲ್ಯವೇ ನಾವು ಹುಡುಕುತ್ತಿರುವುದಲ್ಲವೇ? ಹಾಗಾಗಿ ಕೊನೆಯಿಂದ ಹಿಂದಕ್ಕೆ ಬರಬೇಕು. ಮೂರನೇ ವರ್ಷದ ಕೊನೆಗೆ ದರ ಶೇ 14.68 ಆದಾಗ 3.42 ಕೋಟಿಯನ್ನು, ಅದರಲ್ಲಿ ಬೆಳವಣಿಗೆಯ ಶೇ 5 ಕಳೆದು ಉಳಿಯುವ ಶೇ 9.68ರಿಂದ ಭಾಗಿಸಿ 35.33 ಕೋಟಿ ಸಿಗುತ್ತದೆ. 6 ಕೋಟಿ ಸಾಲವನ್ನು ಈ ಮೌಲ್ಯದಿಂದ ಭಾಗಿಸಿ ದರ ಲೆಕ್ಕ ಹಾಕಿದರೂ ಅದೇ ಶೇ 14.68 ಬರುತ್ತದೆ. ಅಲ್ಲಿಂದ ಒಂದೊಂದೇ ವರ್ಷ ಹಿಂದೆ ಸರಿದರೆ ದರಗಳು ಶೇ 15.0, 15.4, 16.0 ಆಗುತ್ತವೆ, ಇಂದಿನ ಷೇರು ಮೌಲ್ಯ 23.88 ಕೋಟಿ. ಉದ್ದಕ್ಕೂ ಶೇ 16 ಎಂದೇ ಹಿಡಿದಿದ್ದರೆ 20.9 ಕೋಟಿಗೆ ಇಳಿಯುತ್ತಿತ್ತು; ಹೊರಬರುವವರ ಪಾಲು ಮೂರನೇ ಒಂದಾದರೆ ಅವರಿಗೆ ಸುಮಾರು ಒಂದು ಕೋಟಿ ನಷ್ಟ.

ಲೆಕ್ಕ ಸರಿಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಸಾಲವನ್ನು ಬದಿಗಿಟ್ಟು, ವ್ಯವಹಾರದ ನಗದನ್ನೂ ಬಡ್ಡಿಯಿಂದ ಉಳಿಯುವ ತೆರಿಗೆಯನ್ನೂ ಶೇ 14ರಲ್ಲಿ ಇಂದಿನ ಮೌಲ್ಯಕ್ಕೆ ತಂದರೆ 35.88 ಕೋಟಿ ಬರುತ್ತದೆ. ಅದರಲ್ಲಿ 12 ಕೋಟಿ ಸಾಲ ಕಳೆದರೆ ಮತ್ತೆ ಅದೇ 23.88 ಸಿಗಬೇಕು. ತೆರಿಗೆ ಉಳಿತಾಯದ ಅಪಾಯವೂ ವ್ಯವಹಾರದಷ್ಟೇ ಎಂಬ ಊಹೆಯಲ್ಲಿ ಮಾತ್ರ ಇದು ಹೊಂದುತ್ತದೆ. ಷೇರಿನ ಅಪಾಯವನ್ನು ಅಳೆಯುವ ಬೀಟಾ ಎಂಬ ಅಂಕಿಯನ್ನು ಸಾಲಕ್ಕೆ ತಕ್ಕಂತೆ ತಿದ್ದುವ ಬೇರೆ ಸೂತ್ರವನ್ನು ಒಂದು ಕಡೆ, ಇದನ್ನು ಇನ್ನೊಂದು ಕಡೆ ಬೆರೆಸಿದರೆ ಎರಡು ಉತ್ತರಗಳು ಕೂಡುವುದಿಲ್ಲ. ನಿರ್ದೇಶಕರು ಕೊಟ್ಟ ಬಡ್ಡಿರಹಿತ ಕೈಸಾಲವಿದ್ದರೆ, ಅದು ಹಿಂತಿರುಗುವ ಸಾಲವೋ ಬಂಡವಾಳವೋ ಎಂಬುದನ್ನು ಈ ಲೆಕ್ಕಕ್ಕೆ ಕೈ ಹಾಕುವ ಮೊದಲೇ ಎಲ್ಲ ಷೇರುದಾರರಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.